ಮೂರು ಸಹಿಯ ಕಾಗದದಲ್ಲಿ ಹನ್ನೆರಡನೇ ಕಲಮು

ಲ್ಯಾಬ್ ಮುಗಿಸಿ ಹೊರಗೆ ಬಂದಾಗ ನಾಲ್ಕೂಕಾಲು. ಕುಷ್ಟಗಿ ಬಸ್ಸು ನಾಲ್ಕೂವರೆಗೆ, ಗಂಗಾವತಿದು ಅದರ ಹಿಂದೆಯೇ. ಪ್ಲೇಸ್‌ಮೆಂಟ್ ಸೆಲ್‌ನ ಮೇಜಿನ ಮೇಲೆ ಐದೈದು ಹಾಳೆಯ ಅಗ್ರಿಮೆಂಟುಗಳ ಗುಡ್ಡೆ. ಸಹಿ ಹಾಕಬೇಕಾದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದರು: ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ. ನಮ್ಮಲ್ಲಿ ಒಬ್ಬಳು ಮಾತ್ರ ಕೇಳಿದಳು, "ಸರ್, ಮನೀಗೆ ಒಯ್ದು ಓದಿ ನಾಳೆ ಕೊಡ್ತೀವ್ರಿ." "ಏನ್ ಓದ್ತೀರವ್ವಾ, ಎಲ್ಲಾ ಸ್ಟ್ಯಾಂಡರ್ಡ್ ಐತಿ" ಅಂತ ಉತ್ತರ ಬಂತು. ಹಾಗೆ ಹೇಳಿದವರು ಕೆಟ್ಟವರೇನಲ್ಲ, ಅವರೂ ಅದನ್ನ ಓದಿರಲಿಲ್ಲ ಅಷ್ಟೇ. ಬಸ್ಸು ತಪ್ಪಿದರೆ ತಪ್ಪಲಿ ಅಂತ ನಾವು ನಾಲ್ಕು ಜನ ಅವಳ ಜೊತೆ ಉಳಿದು ಒಂದು ಪ್ರತಿ ಜೆರಾಕ್ಸ್ ಮಾಡಿಸಿಕೊಂಡು ಬಂದೆವು.

ಉಳಿಯುವುದಕ್ಕೆ ಒಂದು ಕಾರಣ ಇತ್ತು. ಗಂಗಾವತಿಯಲ್ಲಿ ನಮ್ಮ ಜೊತೆ ಪಿಯುಸಿ ಓದಿದ ಯಲಬುರ್ಗಾ ಕಡೆಯ ಗೆಳೆಯನೊಬ್ಬ ಬೇರೆ ಜಿಲ್ಲೆಯ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾನೆ. ನಮಗಿಂತ ಮೊದಲೇ ಅವನ ಇಂಟರ್ನ್‌ಶಿಪ್ ಶುರುವಾಗಿತ್ತು. ಅವನಿಗೆ ಆದದ್ದನ್ನು ಕೇಳಿದ ಮೇಲೆ ಕಣ್ಣು ಮುಚ್ಚಿ ಸಹಿ ಹಾಕುವ ಧೈರ್ಯ ನಮಗಿರಲಿಲ್ಲ.

ಮೊದಲು ಮೂರನೇ ಸಹಿಯ ವಿಷಯ. ಕಾಲೇಜು ಮತ್ತು ಕಂಪನಿ ಮಾತ್ರ ಒಂದು ಎಂಒಯು ಮಾಡಿಕೊಂಡು, ನಮ್ಮ ಕೈಗೆ ಬರೀ ಒಂದು ಆಫರ್ ಲೆಟರ್ ಬಂದರೆ, ಎಂಒಯುದಲ್ಲಿ ನಮ್ಮ ಹೆಸರಿನಲ್ಲಿ ಏನೇ ಬರೆದಿದ್ದರೂ ಅದು ಅವರಿಬ್ಬರ ನಡುವಿನ ಮಾತು. ಒಪ್ಪಂದದಲ್ಲಿ ಪಾರ್ಟಿ ಅಲ್ಲದವನು ಸಾಮಾನ್ಯವಾಗಿ ಅದರ ಮೇಲೆ ಹಕ್ಕು ಸಾಧಿಸಲು ಬರುವುದಿಲ್ಲ ಅನ್ನುವುದು ನಮ್ಮ ಕಾನೂನಿನ ಹಳೆಯ ನಿಯಮ. ಗಂಗಾವತಿ ಕಡೆ ಭತ್ತ ಮಾರುವ ಮನೆಯವರಿಗೆ ಇದು ಬೇಗ ತಿಳಿಯುತ್ತದೆ. ದಲಾಲಿಗೂ ಗಿರಣಿಯವನಿಗೂ ನಡುವೆ ಏನು ಮಾತಾಯಿತು ಅಂತ ರೈತನಿಗೆ ಗೊತ್ತಿರುವುದಿಲ್ಲ, ದುಡ್ಡು ತಡವಾದಾಗ ಅವನು ಹಿಡಿದುಕೊಳ್ಳುವುದು ತನ್ನ ಕೈಯಲ್ಲಿರುವ ಚೀಟಿಯನ್ನು ಮಾತ್ರ. ಮೂರು ಪಾರ್ಟಿಯ ಅಗ್ರಿಮೆಂಟ್ ಅಂದರೆ ಆ ಚೀಟಿಯಲ್ಲಿ ಮೂವರ ಹೆಸರೂ ಇದೆ ಎಂದರ್ಥ. ಕಾಲೇಜು ಕಂಪನಿಗೆ ಕೊಟ್ಟ ಮಾತು, ಕಂಪನಿ ಕಾಲೇಜಿಗೆ ಕೊಟ್ಟ ಮಾತು, ಎರಡನ್ನೂ "ಇಲ್ಲಿ ಬರೆದೀರಲ್ರೀ" ಅಂತ ತೋರಿಸಿ ಕೇಳಬಹುದು. ಒಳ್ಳೆಯದೇ. ಆದರೆ ಆ ಕಾಗದದಲ್ಲಿ ನಾವು ಕೊಟ್ಟ ಮಾತುಗಳೂ ಇರುತ್ತವೆ. ಬ್ಯಾಂಕಿನಲ್ಲಿ ಇನ್ನೊಬ್ಬರ ಸಾಲಕ್ಕೆ ಜಾಮೀನು ಸಹಿ ಹಾಕುವ ಮೊದಲು ನಮ್ಮಪ್ಪಂದಿರು ನಾಲ್ಕು ಜನರನ್ನು ಕೇಳುತ್ತಾರೆ. ನಾವು ಬಸ್ಸಿನ ಟೈಮ್ ನೋಡಿಕೊಂಡು ಸಹಿ ಹಾಕುತ್ತೇವೆ.

ಈಗ ಗೆಳೆಯನ ಕಥೆ. ಅವನಿಗೆ ಸಿಕ್ಕದ್ದು ಒಂದು ಫೌಂಡ್ರಿ, ಹದಿನಾರು ವಾರದ ಇಂಟರ್ನ್‌ಶಿಪ್. ಐದನೇ ವಾರ ಮುಗಿಯುವ ದಿನ ಮೋಲ್ಡಿಂಗ್ ಬಾಕ್ಸ್ ಸರಿಸುವಾಗ ಎಡಗೈಯ ಎರಡು ಬೆರಳು ನಡುವೆ ಸಿಕ್ಕವು. ಅದು ಅವನ ಕೆಲಸವೇ ಆಗಿರಲಿಲ್ಲ. ಅವನು ಅಲ್ಲಿದ್ದದ್ದು ಕಾಸ್ಟಿಂಗ್ ದೋಷಗಳ ಲೆಕ್ಕ ಬರೆಯುವುದಕ್ಕೆ. ಹೆಲ್ಪರ್ ಒಬ್ಬ ಬಂದಿರಲಿಲ್ಲ, "ಸ್ವಲ್ಪ ಕೈ ಹಚ್ಚೋ ತಮ್ಮಾ" ಅಂದರು, ಹಚ್ಚಿದ. ಕಂಪನಿಯವರೇ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು, ಮೊದಲ ದಿನದ ಬಿಲ್ಲೂ ಕಟ್ಟಿದರು. ಬೆರಳಿಗೆ ತಂತಿ ಹಾಕಿ ಮೂಳೆ ಕೂಡಿಸಬೇಕು ಅಂದಾಗ ಉಳಿದ 41 ಸಾವಿರ ಅಪ್ಪನ ಮೇಲೆ ಬಿತ್ತು. ಅಪ್ಪ ಅದನ್ನು ಕೈಗಡ ತಂದರು.

ಆಮೇಲೆ ಶುರುವಾದದ್ದು ಯಾರು ಕೊಡಬೇಕು ಅನ್ನುವ ಪ್ರಶ್ನೆ. ಎಚ್‌ಆರ್‌ನವರು ಅಗ್ರಿಮೆಂಟಿನ ಹನ್ನೊಂದನೇ ಕಲಮು ತೋರಿಸಿದರು. ತರಬೇತಿಯ ವೇಳೆ ವಿದ್ಯಾರ್ಥಿಗೆ ಆಗುವ ಯಾವುದೇ ಗಾಯ, ನಷ್ಟಕ್ಕೆ ಕಂಪನಿ ಹೊಣೆಯಲ್ಲ, ಅಂಥ ಕ್ಲೇಮುಗಳಿಂದ ಕಂಪನಿಯನ್ನು ವಿದ್ಯಾರ್ಥಿ ಮತ್ತು ಸಂಸ್ಥೆ 'ಇಂಡೆಮ್ನಿಫೈ' ಮಾಡತಕ್ಕದ್ದು ಅಂತ ಅದರಲ್ಲಿತ್ತು. ಈ ಇಂಡೆಮ್ನಿಫೈ ಪದವನ್ನು ನಾವೆಲ್ಲ ಹಾರಿಸಿಕೊಂಡು ಓದುತ್ತೇವೆ. ಕನ್ನಡದಲ್ಲಿ ಹೇಳಿದರೆ: ಈ ವಿಷಯದಲ್ಲಿ ನಿನಗೆ ಏನೇ ಖರ್ಚು ಬಂದರೂ ಅದನ್ನು ನಾನು ತುಂಬಿಕೊಡ್ತೀನಿ. ಅಂದರೆ ಕಂಪನಿ ನನಗೆ ಕೊಡಬೇಕಿಲ್ಲ ಅನ್ನುವುದು ಅರ್ಧ ಮಾತು. ನನ್ನ ಗಾಯದಿಂದ ಕಂಪನಿಗೆ ಯಾರಾದರೂ ದಂಡ, ಖರ್ಚು ಹಾಕಿದರೆ ಅದನ್ನೂ ನಾನೇ ಕೊಡ್ತೀನಿ ಅನ್ನುವುದು ಇನ್ನರ್ಧ. ಸ್ಟೈಪೆಂಡ್ ಇಲ್ಲದ ಹುಡುಗ ಕಾರ್ಖಾನೆಗೆ ಕೊಟ್ಟ ಗ್ಯಾರಂಟಿ ಇದು!

ನ್ಯಾಯವಾಗಿ ಹೇಳಬೇಕೆಂದರೆ, ಇಂಥ ಒಂದು ಸಾಲು ಬರೆದ ಮಾತ್ರಕ್ಕೆ ಕಾರ್ಖಾನೆಯೊಳಗಿನ ಸುರಕ್ಷತೆಯ ಕಾನೂನುಬದ್ಧ ಹೊಣೆ ಅಳಿಸಿ ಹೋಗುವುದಿಲ್ಲ. ಆದರೆ ಅದನ್ನು ಸಾಧಿಸಲು ವಕೀಲರು, ಕೋರ್ಟು, ವರ್ಷಗಳು ಬೇಕು. ಎಂಟನೇ ಸೆಮಿಸ್ಟರಿನ ಹುಡುಗ ಆ ದಾರಿ ಹಿಡಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು, ಯಾಕೆಂದರೆ ನಮ್ಮ ಹಾಸ್ಟೆಲ್ಲಿನಲ್ಲಿ ಇಂಟರ್ನ್‌ಶಿಪ್, ಅಪ್ರೆಂಟಿಸ್‌ಶಿಪ್ ಎರಡೂ ಒಂದೇ ಅಂತ ಮಾತಾಡುತ್ತಾರೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿಸಿದ ಅಪ್ರೆಂಟಿಸ್‌ಗೆ ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕನದು ಅಂತ ಆ ಕಾಯ್ದೆಯ 16ನೇ ಕಲಮೇ ಹೇಳುತ್ತದೆ. ಕಾಗದದಲ್ಲಿ ಬರೆಯಲಿ ಬಿಡಲಿ, ಕಾನೂನು ಅದನ್ನು ಹೊರಿಸಿಬಿಟ್ಟಿದೆ. ಐಟಿಐ ಮುಗಿಸಿ ಅದೇ ಫೌಂಡ್ರಿಯಲ್ಲಿ ಅಪ್ರೆಂಟಿಸ್ ಆಗಿರುವ ಹುಡುಗನಿಗೆ ಈ ಆಸರೆ ಇದೆ. ಅವನ ಪಕ್ಕದಲ್ಲೇ ನಿಂತ, ಕ್ರೆಡಿಟ್‌ಗಾಗಿ ಬಂದ ಬಿಇ ಇಂಟರ್ನ್‌ಗೆ ಆ ಕಲಮು ಅನ್ವಯಿಸುವುದಿಲ್ಲ. ಅವನಿಗೆ ಬಹುಮಟ್ಟಿಗೆ ಆಸರೆ ಅಂದರೆ ಆ ಐದು ಹಾಳೆ. ಅದಕ್ಕೇ ಆ ಹಾಳೆಗಳಲ್ಲಿ ಏನಿದೆ ಅನ್ನುವುದು ನಮಗೆ ಇಷ್ಟು ಮುಖ್ಯ.

"ಸರ್ಕಾರನೇ ಇನ್ಶೂರೆನ್ಸ್ ಮಾಡಸ್ತದಂತಲ್ಲೋ" ಅಂತ ಒಬ್ಬ ಅಂದ. ಅವನು ಕೇಳಿದ್ದು 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಸುದ್ದಿ. ಅದರಲ್ಲಿ ವಿಮೆ ಇದೆ ನಿಜ, ಆದರೆ ಶುರುವಾದಾಗ ಅದು ಫುಲ್‌ಟೈಮ್ ಓದುತ್ತಿರುವವರಿಗೆ ಇರಲೇ ಇಲ್ಲ. ಗೆಳೆಯನ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆದ ಎಂಟ್ರಿ ಇತ್ತು, ಸುರಕ್ಷಾ ಬಿಮಾದ್ದು. ಅಪ್ಪ ಅದನ್ನೇ ಹಿಡಿದುಕೊಂಡು ಬ್ಯಾಂಕಿಗೆ ಹೋಗಿ ಬಂದರು. ಅದು ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗ ಹೋದರೆ ಮಾತ್ರ: 2 ಲಕ್ಷ, ಭಾಗಶಃ ಶಾಶ್ವತ ಊನವಾದರೆ 1 ಲಕ್ಷ. ಆಸ್ಪತ್ರೆಯ ಬಿಲ್ಲಿಗೆ ಅದರಲ್ಲಿ ಏನೂ ಇಲ್ಲ. ಬೆರಳು ಕೂಡಿಕೊಂಡಿತು, ಹಾಗಾಗಿ ಒಂದು ರೂಪಾಯಿಯೂ ಬರಲಿಲ್ಲ. (ಇನ್ನೊಂದು: ಆ ವಿಮೆಯ ವರ್ಷ ಮೇ 31ಕ್ಕೆ ಮುಗಿಯುತ್ತದೆ. ನಮ್ಮ ಇಂಟರ್ನ್‌ಶಿಪ್ ಜೂನ್ ದಾಟುವುದಾದರೆ ಆಗ ಖಾತೆಯಲ್ಲಿ 20 ರೂಪಾಯಿ ಇದೆಯಾ ನೋಡಿಕೊಳ್ಳಿ.)

ನಿಜವಾದ ಉತ್ತರ ಅದೇ ಅಗ್ರಿಮೆಂಟಿನಲ್ಲಿ, ಹನ್ನೊಂದರ ಕೆಳಗೆ ಹನ್ನೆರಡನೇ ಕಲಮಿನಲ್ಲಿತ್ತು. ಇಂಟರ್ನ್‌ಶಿಪ್‌ಗೆ ಕಳಿಸುವ ವಿದ್ಯಾರ್ಥಿಗಳಿಗೆ 'ಸಾಕಷ್ಟು ವಿಮೆ' ಇರುವಂತೆ ಸಂಸ್ಥೆ ನೋಡಿಕೊಳ್ಳತಕ್ಕದ್ದು. ಸಂಸ್ಥೆ ಅಂದರೆ ಕಾಲೇಜು. ಕೆಳಗೆ ಪ್ರಿನ್ಸಿಪಾಲರ ಸಹಿ, ಸೀಲು. ಗೆಳೆಯ ಇದನ್ನು ಕಂಡದ್ದು ಅಪಘಾತವಾಗಿ ತಿಂಗಳಾದ ಮೇಲೆ, ಅದೂ ಎಚ್‌ಆರ್ ಕಳಿಸಿದ ಸ್ಕ್ಯಾನ್ ಪ್ರತಿಯಲ್ಲಿ, ಯಾಕೆಂದರೆ ಅವನ ಹತ್ತಿರ ಪ್ರತಿಯೇ ಇರಲಿಲ್ಲ. ಕಾಲೇಜಿನಲ್ಲಿ ಗುಂಪು ವಿಮೆಯ ಪಾಲಿಸಿ ಇತ್ತು. ಆದರೆ ಅದರಲ್ಲಿ ಬರೆದಿದ್ದು ಕಾಲೇಜಿನ ಆವರಣ ಮತ್ತು ಕಾಲೇಜು ಕರೆದೊಯ್ಯುವ ಪ್ರವಾಸ ಅಂತ. ಹದಿನಾರು ವಾರದ ಇಂಟರ್ನ್‌ಶಿಪ್ 'ಪ್ರವಾಸ'ವೋ ಅಲ್ಲವೋ? ಈ ಬಗ್ಗೆ ಕಾಲೇಜಿಗೂ ವಿಮಾ ಕಂಪನಿಗೂ ನಡುವೆ ಪತ್ರ ಇನ್ನೂ ಓಡಾಡುತ್ತಿದೆ. ಜೊತೆಗೆ ಅಪಘಾತವಾದ ಕೂಡಲೇ ಯಾಕೆ ತಿಳಿಸಲಿಲ್ಲ ಅನ್ನುವ ಪ್ರಶ್ನೆ ಬೇರೆ. ಯಾರಿಗೆ ತಿಳಿಸಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಗಾಯ ಕೈಗೆ ಆಯಿತು, ಪೆಟ್ಟು ಮಾತ್ರ ಕ್ರೆಡಿಟ್‌ಗೂ ಬಿತ್ತು. ವಿಟಿಯುದ 2022ರ ಸ್ಕೀಮಿನಲ್ಲಿ ಈ ಇಂಟರ್ನ್‌ಶಿಪ್ 14ರಿಂದ 20 ವಾರ, 10 ಕ್ರೆಡಿಟ್. ಮೂರು ವಾರ ಮನೆಯಲ್ಲಿ ಮಲಗಿದರೆ ಹದಿನಾರರಲ್ಲಿ ಹದಿಮೂರೇ ಉಳಿಯಿತು, ಕನಿಷ್ಠಕ್ಕಿಂತ ಒಂದು ವಾರ ಕಮ್ಮಿ. ಅಗ್ರಿಮೆಂಟಿನಲ್ಲಿ ಏಳು ದಿನಕ್ಕಿಂತ ಹೆಚ್ಚು ಸತತ ಗೈರಾದರೆ ಕಂಪನಿ ಕಾರಣ ಹೇಳದೆ ಇಂಟರ್ನ್‌ಶಿಪ್ ಮುಗಿಸಬಹುದು ಅಂತಿತ್ತು. ಗೈರು ಯಾಕೆ ಆಯಿತು ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಇನ್ನೂ ಕೆಳಗೆ, ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ಟುಹೋದರೆ ತರಬೇತಿ ವೆಚ್ಚ 25 ಸಾವಿರ ಕೊಡಬೇಕು ಅಂತ. ಅಂದರೆ ಅದೇ ಫೌಂಡ್ರಿಯಲ್ಲಿ ಬೆರಳು ಮುರಿದುಕೊಂಡು, ಇನ್ನು ಆಗುವುದಿಲ್ಲ ಅಂತ ಊರಿಗೆ ಹೋದರೂ, ಅಕ್ಷರಶಃ ಓದಿದರೆ ಅವನೇ ಸಾಲಗಾರ.

ಈ ಬಾಂಡಿನ ಬಗ್ಗೆ ಹಾಸ್ಟೆಲ್ ಕಾನೂನು ಒಂದಿದೆ: "ಬಾಂಡ್ ಎಲ್ಲಾ ಕೋರ್ಟಿನಾಗ ನಡಿಯಂಗಿಲ್ಲಲೇ, ಸಹಿ ಹಾಕು." ಇದನ್ನು ನಂಬಿ ಸಹಿ ಹಾಕಬೇಡಿ ಅನ್ನುವುದು ನಮ್ಮ ಅಭಿಪ್ರಾಯ. 2025ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ವಿಜಯಾ ಬ್ಯಾಂಕಿನ ಒಂದು ಪ್ರಕರಣದಲ್ಲಿ, ಮೂರು ವರ್ಷ ಮುಗಿಸದೆ ಬಿಟ್ಟ ಅಧಿಕಾರಿ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿಯಿತು. ಅವರ ಪರವಾಗಿದ್ದ ಕರ್ನಾಟಕ ಹೈಕೋರ್ಟಿನ ತೀರ್ಪು ಅಲ್ಲಿ ನಿಲ್ಲಲಿಲ್ಲ. ಅದು ಸಂಬಳದ ನೌಕರಿಯ ಮಾತು, ನಮ್ಮದು ಅದಲ್ಲ. ಒಪ್ಪಂದ ಕಾಯ್ದೆಯ 74ನೇ ಕಲಮಿನ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ಸಮಂಜಸವಾದಷ್ಟೇ ಪರಿಹಾರ ಸಿಗುವುದು. ಆದರೂ ಬಾಂಡ್ ಅಂದರೆ ಬರೀ ಹೆದರಿಕೆ ಅಂದುಕೊಳ್ಳುವ ಕಾಲ ಇದಲ್ಲ. ಬೇಕಾದದ್ದು ಒಂದೇ ಸಾಲು: ಅನಾರೋಗ್ಯ ಅಥವಾ ಗಾಯದಿಂದ ಬಿಟ್ಟರೆ ಇದು ಅನ್ವಯಿಸುವುದಿಲ್ಲ.

ಕೊನೆಗೆ ಅವನ ಎಚ್‌ಒಡಿ ಖುದ್ದಾಗಿ ಫೌಂಡ್ರಿಗೆ ಹೋಗಿ ಕೂತು ಮಾತಾಡಿದರು. ಕಂಪನಿ ಮೂರು ವಾರ ಮುಂದಕ್ಕೆ ಹಾಕಿಕೊಟ್ಟಿತು, ಹದಿನಾರು ವಾರ ಪೂರ್ತಿಯಾಯಿತು. ಕ್ರೆಡಿಟ್ ಉಳಿಯಿತು. 41 ಸಾವಿರದ ಕೈಗಡ ಇನ್ನೂ ಇದೆ.

ಈಗ ನಮ್ಮ ಜೆರಾಕ್ಸ್ ಪ್ರತಿ. ಅವನ ಅಗ್ರಿಮೆಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆವು. ಕಂಪನಿ ಬೇರೆ, ಊರು ಬೇರೆ, ಸಾಲುಗಳು ಮಾತ್ರ ಬಹಳಷ್ಟು ಒಂದೇ. ಎಲ್ಲೋ ಒಂದು ಫಾರ್ಮ್ಯಾಟ್ ಇದೆ, ಎಲ್ಲರೂ ಅದನ್ನೇ ಹೆಸರು ಬದಲಿಸಿ ಕಳಿಸುತ್ತಾರೆ. ಹೊಣೆ ಇಲ್ಲ ಅನ್ನುವ ಕಲಮು ನಮ್ಮದರಲ್ಲೂ ಇದೆ, ಅದರ ಕೆಳಗೆ 'ಸಾಕಷ್ಟು ವಿಮೆ' ಅನ್ನುವ ಕಲಮೂ ಇದೆ. ಸಾಕಷ್ಟು ಅಂದರೆ ಎಷ್ಟು, ಯಾವ ಪಾಲಿಸಿ, ಯಾವ ದಿನದಿಂದ ಯಾವ ದಿನದವರೆಗೆ, ಒಂದೂ ಇಲ್ಲ.

ನಮ್ಮ ಬ್ಯಾಚಿನವರು ಹೋಗುವುದು ಒಂದೇ ಥರದ ಜಾಗಕ್ಕಲ್ಲ. ಕೆಲವರು ಗಿಣಿಗೇರಿ, ಬೇವಿನಹಳ್ಳಿ ಕಡೆಯ ಕಬ್ಬಿಣ, ಉಕ್ಕಿನ ಕಾರ್ಖಾನೆ ನೋಡುತ್ತಿದ್ದಾರೆ, ಕೆಲವರು ತೋರಣಗಲ್ಲು. ಕಂಪ್ಯೂಟರ್ ಸೈನ್ಸಿನವರು ಹುಬ್ಬಳ್ಳಿ, ಬೆಂಗಳೂರು. ಲ್ಯಾಪ್‌ಟಾಪ್ ಮುಂದೆ ಕೂರುವವರಿಗೆ ಈ ವಿಮೆಯ ಮಾತು ದೂರದ್ದು ಅನಿಸಬಹುದು. ಅವರ ಕಾಗದದಲ್ಲಿ ಬೇರೆ ಕಡೆ ಮುಳ್ಳಿದೆ, ಗೋಪ್ಯತೆಯ ಕಲಮಿನಲ್ಲಿ. ಕಂಪನಿಯ ಯಾವ ಮಾಹಿತಿಯನ್ನೂ ಯಾರಿಗೂ ಯಾವ ರೂಪದಲ್ಲೂ ಹೇಳಬಾರದು ಅಂತ ಸಹಿ ಹಾಕುತ್ತೀರಿ. ಅದೇ ಸೆಮಿಸ್ಟರಿನಲ್ಲಿ ಏನು ಮಾಡಿದಿರಿ ಅಂತ ರಿಪೋರ್ಟ್ ಬರೆದು, ಹೊರಗಿನ ಎಕ್ಸಾಮಿನರ್ ಮುಂದೆ ವೈವಾ ಕೊಡಬೇಕು. ಎರಡನ್ನೂ ಅಕ್ಷರಶಃ ಪಾಲಿಸಲು ಆಗುವುದಿಲ್ಲ. ಇದನ್ನು ಮೂವರಲ್ಲಿ ಬಿಡಿಸಬಲ್ಲವರು ಕಾಲೇಜು ಮತ್ತು ಕಂಪನಿ, ಸಿಕ್ಕಿಬೀಳುವವರು ನಾವು. ಸುಲಭದ ದಾರಿ ಇದೆ. ರಿಪೋರ್ಟನ್ನು ಸಲ್ಲಿಸುವ ಹದಿನೈದು ದಿನ ಮೊದಲು ಕಂಪನಿಯ ಮೆಂಟರ್‌ಗೆ ತೋರಿಸುವುದು, ಅವರು ತೆಗೆಯಬೇಕೆಂದ ಅಂಕಿ, ಡ್ರಾಯಿಂಗ್, ಕೋಡ್ ತೆಗೆಯುವುದು, ಉಳಿದದ್ದಕ್ಕೆ ಒಪ್ಪಿಗೆ ಇದೆ ಅಂತ ಭಾವಿಸುವುದು. ಇಷ್ಟನ್ನು ಗೋಪ್ಯತೆಯ ಕಲಮಿನ ಕೆಳಗೇ ಬರೆಸಬೇಕು. ಕೊನೇ ವಾರದಲ್ಲಿ ಕೇಳಿದರೆ ಮೆಂಟರ್ ರಜೆಯಲ್ಲಿರುತ್ತಾರೆ.

ಮರುದಿನ ಪ್ಲೇಸ್‌ಮೆಂಟ್ ಆಫೀಸರ್ ಸರ್ ಹತ್ತಿರ ಹೋದೆವು. ಅವರು ಸಿಟ್ಟಾಗಲಿಲ್ಲ, ಆದರೆ ಕೇಳಿದ ಪ್ರಶ್ನೆ ನ್ಯಾಯವಾದದ್ದು: "ನಾವು ಕಲಮು ಬದಲಿಸಿ ಅಂದ್ರ ಕಂಪನಿಯವ್ರು ಬ್ಯಾಡ ಬಿಡ್ರಿ ಅಂದ್ರ? ಇಲ್ಲಿ ಸೀಟ್ ಸಿಗೋದ ಕಷ್ಟ." ಇದಕ್ಕೆ ನಮ್ಮ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಬ್ಬೊಬ್ಬರೇ ಹೋಗಿ ಕೇಳಿದರೆ ಖಂಡಿತ ಹಾಗೇ ಆಗುತ್ತದೆ, ಹತ್ತು ಹುಡುಗರನ್ನು ಕಳಿಸುವ ಕಾಲೇಜು ಕೇಳಿದರೆ ಮಾತು ಸ್ವಲ್ಪ ಬೇರೆ. ಮತ್ತೆ, ಸಣ್ಣ ಕಾರ್ಖಾನೆಯವನು ಹೊಣೆ ಹೊರಲು ಹೆದರುವುದರಲ್ಲಿ ಅರ್ಥವಿದೆ, ಒಂದು ದೊಡ್ಡ ಬಿಲ್ಲು ಅವನ ತಿಂಗಳ ಲಾಭ ತಿನ್ನಬಹುದು. ಅದಕ್ಕೇ ನಾವು ಹೊಣೆ ಇಲ್ಲ ಅನ್ನುವ ಕಲಮಿನ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ಅದರಲ್ಲಿ 'ವಿದ್ಯಾರ್ಥಿ ಇಂಡೆಮ್ನಿಫೈ ಮಾಡತಕ್ಕದ್ದು' ಅನ್ನುವಲ್ಲಿ 'ವಿದ್ಯಾರ್ಥಿಯ ಉದ್ದೇಶಪೂರ್ವಕ ತಪ್ಪಿನಿಂದ ಆದ ನಷ್ಟಕ್ಕೆ ಮಾತ್ರ' ಅಂತ ಸೇರಿಸಿ ಅಂದೆವು, ಅಷ್ಟೇ. ನಮ್ಮ ಜೋರು ಇದ್ದದ್ದು ವಿಮೆಯ ಕಲಮಿನ ಮೇಲೆ, ಅದು ಕಾಲೇಜೇ ಕೊಟ್ಟ ಮಾತು, ಕಂಪನಿಯನ್ನು ಕೇಳಬೇಕಾದ್ದೇ ಇಲ್ಲ.

ಅಗ್ರಿಮೆಂಟಿನ ಕೊನೆಗೆ ಒಂದು ಪುಟದ ಅನುಬಂಧ ಹಚ್ಚಿ ಅಂತ ಬರೆದುಕೊಟ್ಟೆವು. ಅದರಲ್ಲಿ ಪಾಲಿಸಿ ನಂಬರ್, ಅದು ಜಾರಿಯಲ್ಲಿರುವ ದಿನಾಂಕಗಳು, ಇಂಟರ್ನ್‌ಶಿಪ್ ನಡೆಯುವ ಕಾರ್ಖಾನೆಯ ಹೆಸರು ಪಾಲಿಸಿಯಲ್ಲಿ ಸೇರಿದೆಯೇ ಅನ್ನುವುದು, ಅಪಘಾತವಾದರೆ ಮೊದಲ ದಿನವೇ ಫೋನ್ ಮಾಡಬೇಕಾದ ಕಾಲೇಜಿನ ಒಬ್ಬ ಮೇಷ್ಟರ ಹೆಸರು. ವಿಮೆ ಮಾಡಿಸುವಾಗ ಒಂದನ್ನು ವಿಶೇಷವಾಗಿ ನೋಡಿ ಅಂತಲೂ ಹೇಳಿದೆವು. ಗುಂಪು ಅಪಘಾತ ವಿಮೆಗಳಲ್ಲಿ ಸಾವು, ಅಂಗವೈಕಲ್ಯ ಇರುತ್ತದೆ, ಆಸ್ಪತ್ರೆಯ ಖರ್ಚನ್ನು ಎಷ್ಟೋ ಸಲ ಬೇರೆಯಾಗಿ ಸೇರಿಸಿಕೊಳ್ಳಬೇಕಾಗುತ್ತದೆ. ನಮಗೆ ಆಗುವ ಗಾಯಗಳು ಬಹುಶಃ ಆ ಬೇರೆಯಾಗಿ ಸೇರಿಸುವ ಸಾಲಿನವೇ. ಗೈರಿನ ಕಲಮಿಗೆ, ವೈದ್ಯರ ಸರ್ಟಿಫಿಕೇಟ್ ಇದ್ದರೆ ಕಳೆದ ದಿನಗಳಷ್ಟು ಮುಂದುವರಿಸತಕ್ಕದ್ದು ಅಂತ ಒಂದು ಸಾಲು. ಮತ್ತೆ ಮೂರು ಒರಿಜಿನಲ್, ಒಂದು ನಮ್ಮ ಕೈಗೆ.

ಇನ್ನೊಂದನ್ನೂ ಅಲ್ಲಿ ಬರೆಸಿ ಅಂದೆವು, ಗೆಳೆಯನ ಬೆರಳು ನೆನಪಾಗಿ: ವಿದ್ಯಾರ್ಥಿ ಮಾಡುವ ಕೆಲಸ ಇಂಥದ್ದು, ಈ ಮೆಂಟರ್ ಕೆಳಗೆ. ಕೆಲಸದ ವಿವರ ಎರಡು ಸಾಲು ಇದ್ದರೆ ಅದು ಮುಂದೆ ಎರಡು ಕಡೆ ಬಳಕೆಗೆ ಬರುತ್ತದೆ. "ಸ್ವಲ್ಪ ಕೈ ಹಚ್ಚೋ" ಅಂದಾಗ "ಮೆಂಟರ್ ಸರ್‌ನ ಒಂದ್ ಮಾತು ಕೇಳ್ತೀನ್ರಿ" ಅನ್ನಲು ಒಂದು ನೆವ ಸಿಗುತ್ತದೆ. ಆಮೇಲೆ ಏನಾದರೂ ಆದರೆ, ಹುಡುಗ ತನ್ನಷ್ಟಕ್ಕೆ ತಾನೇ ಮೈಮೇಲೆ ಎಳೆದುಕೊಂಡ ಅನ್ನುವ ಮಾತಿಗೆ ಉತ್ತರವೂ ಸಿಗುತ್ತದೆ. ಗೆಳೆಯನ ಕಾಗದದಲ್ಲಿ ಕೆಲಸದ ಜಾಗದಲ್ಲಿ ಇದ್ದದ್ದು 'ಪ್ರೊಡಕ್ಷನ್ ಡಿಪಾರ್ಟ್‌ಮೆಂಟ್' ಅನ್ನುವ ಎರಡು ಪದ ಮಾತ್ರ.

ಇದನ್ನು ಬರೆಯುವ ಹೊತ್ತಿಗೆ ಎರಡು ಕಂಪನಿಗಳು ಅನುಬಂಧಕ್ಕೆ ಒಪ್ಪಿವೆ, ಒಂದು ಯಾವ ಉತ್ತರವನ್ನೂ ಕಳಿಸಿಲ್ಲ. ವಿಮೆಯ ಫೈಲು ಕಾಲೇಜಿನ ಆಫೀಸಿನಲ್ಲಿದೆ ಅಂತ ತಿಳಿಯಿತು. ಸಹಿ ಹಾಕದೆ ಉಳಿದವರಲ್ಲಿ ಮೂವರು ನಿನ್ನೆ ಹಾಕಿಬಿಟ್ಟರು, ಸೀಟು ಹೋದೀತು ಅನ್ನುವ ಹೆದರಿಕೆಯಲ್ಲಿ. ಅವರನ್ನು ಬೈಯುವ ಮನಸ್ಸು ನಮಗಿಲ್ಲ. ಜಾಯಿನಿಂಗ್ ಬರುವ ಸೋಮವಾರ. ಪಾಲಿಸಿ ನಂಬರ್ ಬರೆಯಬೇಕಾದ ಗೆರೆ ಇವತ್ತಿಗೂ ಖಾಲಿ ಇದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಆಫೀಸ್ ಮುಂದೆ ಸೇರುತ್ತಿದ್ದೇವೆ, ನಿಮ್ಮ ಅಗ್ರಿಮೆಂಟಿನ ಪ್ರತಿ ಹಿಡಿದುಕೊಂಡು ಬನ್ನಿ.